ಮೇಲಿನ ಕಿಟಕಿಗೆ ಎತ್ತಿದ ಹುಬ್ಬು

ನಮ್ಮ ಊರಿನಲ್ಲಿ ಒಬ್ಬರಿಗೆ ದೂರದಿಂದ ಎತ್ತಿದ ಕೈ, ಅವರು ಉತ್ತರ ಕೊಡುವ ತನಕ ಕೆಳಗೆ ಇಳಿಯುವುದಿಲ್ಲ. ಹುಬ್ಬೂ ಹಾಗೆಯೇ, ತುಟಿಯ ಕೆಳಗಿನ ಗಲ್ಲವೂ ಹಾಗೆಯೇ. ಇದು ಯಾವ ಕಾಲದಿಂದ ಬಂದದ್ದೋ ನನಗೆ ತಿಳಿಯದು, ನನ್ನ ಅಜ್ಜನಿಗೂ ತಿಳಿದಿರಲಿಲ್ಲ. ಹೊಸದಾಗಿ ಬಂದವರು ಒಂದೆರಡು ದಿನ ಕಷ್ಟಪಡುತ್ತಾರೆ, ಆಮೇಲೆ ಕಲಿಯುತ್ತಾರೆ.

ಹೀಗಾಗಿ ವಂದನೆಯ ವಿಷಯದಲ್ಲಿ ನಮ್ಮವರು ಬಹಳ ಜಾಗರೂಕರು. ಬೀದಿಯ ಆಚೆ ಪರಿಚಯದವರು ಕಂಡರೆ ಮೊದಲು ಕಣ್ಣು ಕಣ್ಣಿಗೆ ಸಿಗಬೇಕು. ಅದಕ್ಕಿಂತ ಮುಂಚೆ ಕೈ ಎತ್ತುವವನು ದಡ್ಡ, ಸಂಜೆಯ ತನಕ ಕೈ ಎತ್ತಿಕೊಂಡೇ ಇರಬೇಕಾದೀತು. ಕಣ್ಣು ಸಿಕ್ಕ ಮೇಲೆ ಎರಡೂ ಹುಬ್ಬು ಒಟ್ಟಿಗೆ ಮೇಲಕ್ಕೆ ಹಾರುತ್ತವೆ. ಎದುರಿನವರು ಉತ್ತರ ಕೊಟ್ಟರೆ ರೆಪ್ಪೆ ಬಡಿಯುವಷ್ಟರಲ್ಲಿ ಇಳಿಯುತ್ತವೆ. ಆಮೇಲೆ ಇಬ್ಬರೂ ದೃಷ್ಟಿಯನ್ನು ಬೇರೆ ಕಡೆ ಒಯ್ಯಬೇಕು. ನೋಡುತ್ತಲೇ ನಿಂತರೆ ಜಗಳಕ್ಕೆ ಕರೆದಂತೆ. ಸಲುಗೆಯವರಿಗೆ ಗಲ್ಲ ಮೇಲಕ್ಕೆ, ಹಿರಿಯರಿಗೆ ತಲೆ ಕೆಳಕ್ಕೆ. ಬೆಳಿಗ್ಗೆ ಪೂರ್ತಿ ವಂದಿಸಿದವರು ಮಧ್ಯಾಹ್ನ ಮತ್ತೆ ಸಿಕ್ಕರೆ ಅರ್ಧ ಸಾಕು, ಸಂಜೆಗೆ ತುಟಿಯ ಮೂಲೆ ಸಾಕು. ಸೈಕಲ್ಲಿನ ಮೇಲೆ ಇರುವವರು ಹ್ಯಾಂಡಲ್ಲಿನಿಂದ ಒಂದು ಬೆರಳು ಮಾತ್ರ ಎತ್ತುತ್ತಾರೆ. ಇಡೀ ಕೈ ಎತ್ತಿದವರು ಮುಂದಿನ ತಿರುವಿನಲ್ಲಿ ಗಟಾರಕ್ಕೆ ಬಿದ್ದದ್ದನ್ನು ನಾನೇ ನೋಡಿದ್ದೇನೆ. ಹಾಸಿಗೆ ಹಿಡಿದವರೂ ಕಣ್ಣಿಲ್ಲದವರೂ ತಮ್ಮ ಉತ್ತರವನ್ನು ಮನೆಯ ಇನ್ನೊಬ್ಬರಿಗೆ ವಹಿಸಿ ಕೊಡಬಹುದು. ಅದನ್ನು ಅವರು ತಮ್ಮ ಬಾಯಿಂದಲೇ ಹೇಳಬೇಕು, ಅಷ್ಟೇ ನಿಯಮ.

ಎಲ್ಲಕ್ಕಿಂತ ದೊಡ್ಡ ಅಪಾಯ ಒಂದಿದೆ. ನಮ್ಮ ಬೆನ್ನ ಹಿಂದೆ ನಿಂತವನಿಗೆ ಯಾರೋ ಕೈ ಎತ್ತಿರುತ್ತಾರೆ, ಅದು ನಮಗೇ ಎಂದು ತಿಳಿದು ನಾವು ಉತ್ತರ ಕೊಡುತ್ತೇವೆ. ಅದು ಉತ್ತರ ಆಗುವುದಿಲ್ಲ, ಹೊಸ ವಂದನೆ ಆಗುತ್ತದೆ. ಆತ ದಯೆ ತೋರಿ ನಮ್ಮ ಕಡೆ ತಲೆ ಆಡಿಸುವ ತನಕ ನಮ್ಮ ಕೈ ಮೇಲೆಯೇ. ಬೇರೆ ಊರಿನಲ್ಲಿ ಇಂಥ ಹೊತ್ತಿನಲ್ಲಿ ಜನ ತಲೆ ಕೆರೆದುಕೊಂಡಂತೆ ನಟಿಸಿ ಪಾರಾಗುತ್ತಾರಂತೆ. ನಮ್ಮಲ್ಲಿ ಕೆರೆದು ಕೆರೆದು ಕೂದಲು ಉದುರಬೇಕು, ಅಷ್ಟೇ. ಆದ್ದರಿಂದ ಯಾರಾದರೂ ವಂದಿಸಿದರೆ ಒಮ್ಮೆ ಹಿಂದಕ್ಕೆ ತಿರುಗಿ ನೋಡುವುದು ನಮ್ಮೂರಿನವರ ರೂಢಿ. ಪರ ಊರಿನವರು ಅದನ್ನು ಕಂಡು ನಮ್ಮನ್ನು ಅಂಜುಬುರುಕರು ಎನ್ನುತ್ತಾರೆ.

ನನ್ನ ಹೆಸರು ವಾಮನರಾವ್. ಹತ್ತಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತನಾಗಿದ್ದು ಈಗ ಮನೆಯಲ್ಲಿ ಇದ್ದೇನೆ. ನಮ್ಮ ಮನೆ ಪೇಟೆಯ ಬೀದಿಯಲ್ಲಿ, ಮಹಡಿಯ ಮೇಲೆ. ಕೆಳಗೆ ಗೋದೂಬಾಯಿ ಎಂಬ ವಿಧವೆ ಬಾಡಿಗೆಗೆ ಇದ್ದಾಳೆ. ದಿನವೂ ಬೆಳಿಗ್ಗೆ ನಾನು ದೇವರ ದರ್ಶನ ಮುಗಿಸಿ ಬರುವಾಗ ಬೀದಿಯ ಆಚೆ ಬದಿಯಲ್ಲಿ, ಚನ್ನವೀರಪ್ಪನ ಕಿರಾಣಿ ಅಂಗಡಿಯ ಕಟ್ಟೆಯ ಹತ್ತಿರ ನಿಲ್ಲುತ್ತಿದ್ದೆ. ಮೇಲಿನ ಕಿಟಕಿಯಲ್ಲಿ ನನ್ನ ಹೆಂಡತಿ ಸುಂದ್ರಾಬಾಯಿ ಕುರ್ಚಿಯಲ್ಲಿ ಕುಳಿತಿರುತ್ತಿದ್ದಳು. ಎತ್ತಿನ ಚಕ್ಕಡಿಗಳ ಗದ್ದಲದಲ್ಲಿ ಕೂಗಿದರೆ ಕೇಳಿಸುವುದಿಲ್ಲ, ಗಂಡ ಹೆಂಡತಿಯನ್ನು ಬೀದಿಯಲ್ಲಿ ಕೂಗುವುದೂ ಚೆಂದವಲ್ಲ. ನಾನು ಹುಬ್ಬು ಎತ್ತುತ್ತಿದ್ದೆ. ಅವಳು ಗಲ್ಲವನ್ನು ಸ್ವಲ್ಪ ಎಡಕ್ಕೆ ವಾಲಿಸಿ ಮೇಲಕ್ಕೆ ಎತ್ತುತ್ತಿದ್ದಳು. ಅವಲಕ್ಕಿ ಸಿದ್ಧವಿದೆ, ಬನ್ನಿ ಎಂದು ಅದರ ಅರ್ಥ. ವಿಚಿತ್ರವೆಂದರೆ ಅವಳ ಗಲ್ಲ ಮೇಲೇಳುವುದಕ್ಕೆ ಒಂದು ಕ್ಷಣ ಮುಂಚೆಯೇ ನನ್ನ ಹುಬ್ಬು ಇಳಿದಿರುತ್ತಿತ್ತು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಹಾಗೆ ಆಗುವುದು ಸಹಜ, ಮನಸ್ಸು ಗಲ್ಲಕ್ಕಿಂತ ಮುಂದೆ ಓಡುತ್ತದೆ ಎಂದು ನಾನು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಸುಂದ್ರಾಬಾಯಿ ಕಾಯಿಲೆ ಬಿದ್ದವಳಲ್ಲ. ಒಂದು ಮಧ್ಯಾಹ್ನ ಹೂಬತ್ತಿ ಹೊಸೆಯುತ್ತಾ ಕುಳಿತವಳು ಗೋಡೆಗೆ ಒರಗಿದಳು, ಹಾಗೆಯೇ ಹೋದಳು. ಮುಂದಿನ ಕರ್ಮಗಳೆಲ್ಲ ಮುಗಿದವು. ಸೂತಕ ಕಳೆದ ಮೇಲೆ ನಾನು ಮತ್ತೆ ಗುಡಿಗೆ ಹೋದೆ. ತೀರ್ಥ ತೆಗೆದುಕೊಂಡು, ಏನೋ ಸ್ತೋತ್ರ ಹೇಳಿಕೊಳ್ಳುತ್ತಾ ಬಂದೆ. ಚನ್ನವೀರಪ್ಪನ ಕಟ್ಟೆಯ ಹತ್ತಿರ ಕಾಲು ತಾನಾಗಿ ನಿಂತಿತು. ಕಣ್ಣು ಮೇಲಿನ ಕಿಟಕಿಗೆ ಹೋಯಿತು. ಹುಬ್ಬು ಎದ್ದಿತು.

ಎದ್ದದ್ದು ಇಳಿಯಲಿಲ್ಲ.

ಖಾಲಿ ಕುರ್ಚಿಯನ್ನು ನೋಡುತ್ತಾ ನಾನು ಅಲ್ಲಿಯೇ ನಿಂತಿದ್ದೆ. ಚನ್ನವೀರಪ್ಪ ಒಬ್ಬಳಿಗೆ ಕಡಲೆಬೇಳೆ ತೂಗುತ್ತಿದ್ದ. ನಾನು ಅವನ ಕಡೆ ತಿರುಗಿದೆ. ಅವನು ನನ್ನ ಹುಬ್ಬನ್ನು ನೋಡಿದ, ತನ್ನ ಹಿಂದೆ ಯಾರೂ ಇಲ್ಲವೆಂದು ತಿರುಗಿ ನೋಡಿ ಖಚಿತ ಮಾಡಿಕೊಂಡ, ದುಃಖದಲ್ಲಿ ಇರುವ ಮನುಷ್ಯ ತಾನಾಗಿ ವಂದಿಸುತ್ತಿದ್ದಾನಲ್ಲ ಎಂದು ಪ್ರೀತಿಯಿಂದ ಗಲ್ಲ ಎತ್ತಿದ. ಅವನ ಗಲ್ಲ ಅಲ್ಲಿಯೇ ಸಿಕ್ಕಿಕೊಂಡಿತು.

"ಏನ್ರೀ ರಾಯರ, ಇದೇನಾತು?" ಎಂದ, ಛಾವಣಿಯನ್ನು ನೋಡುತ್ತಾ. "ನನಗಲ್ಲೇನು ನೀವು ಹುಬ್ಬು ಹಾರಿಸಿದ್ದು?"

"ನಿನಗಲ್ಲಪ್ಪಾ," ಎಂದೆ.

"ಮತ್ತ ಯಾರಿಗ್ರೀ? ನನ್ನ ಹಿಂದ ಬೆಲ್ಲದ ಡಬ್ಬಿ ಅದ!"

"ತಕ್ಕಡಿ ನೋಡೋ ಮಾರಾಯಾ," ಎಂದಳು ಬೇಳೆಯವಳು. "ಮ್ಯಾಲ ನೋಡಿಕೋತ ತೂಗಿದ್ರ ನನಗ ಎಷ್ಟು ಬರ್ತದ?"

"ಮುಳ್ಳು ಕಾಣವಲ್ದು ತಾಯಿ, ತಡೀ. ರಾಯರ, ನನ್ನ ಗಲ್ಲಾ ಇಳಸ್ರೀ ಮೊದಲ!"

ನನ್ನ ಹುಬ್ಬು ಆಗಲೇ ಮೇಲಿತ್ತು, ಅದರಿಂದ ಉತ್ತರ ಕೊಡುವಂತಿರಲಿಲ್ಲ. ತಲೆ ಆಡಿಸಿದೆ. ಅವನ ಗಲ್ಲ ಇಳಿಯಿತು. ಅಷ್ಟರಲ್ಲಿ ಬೇಳೆಯವಳೂ ನನ್ನ ಮುಖ ನೋಡಿ ತಲೆ ಬಾಗಿಸಿದ್ದಳು. ಅವಳಿಗೂ ಆಡಿಸಿದೆ.

ಮನೆ ಮುಟ್ಟುವುದರೊಳಗೆ ನನ್ನ ಕುತ್ತಿಗೆ ನೋಯತೊಡಗಿತು. ಅಂದಿನಿಂದ ನನ್ನ ಬಾಳು ಹೀಗಾಯಿತು: ನಾನು ಯಾರನ್ನು ನೋಡಿದರೂ ಅವರು ಇದು ತಮಗೇ ಎಂದು ತಿಳಿಯುತ್ತಿದ್ದರು, ಉತ್ತರ ಕೊಡುತ್ತಿದ್ದರು, ಸಿಕ್ಕಿಕೊಳ್ಳುತ್ತಿದ್ದರು, ನಾನು ತಲೆ ಆಡಿಸಿ ಬಿಡಿಸುತ್ತಿದ್ದೆ. ನೆಲ ನೋಡುತ್ತಾ ನಡೆದರೆ ಎಮ್ಮೆಗೆ ಹಾಯುತ್ತಿದ್ದೆ. ಶಾಲನ್ನು ಹಣೆಯ ಮೇಲೆ ಎಳೆದುಕೊಂಡೆ. ಆಗ ಹಣೆಗೆ ಹಚ್ಚಿದ ಅಂಗಾರದ ಗೆರೆ, ಅಕ್ಷತೆಯ ಬೊಟ್ಟು ಮರೆಯಾಗಿ, ರಾಯರು ದುಃಖದಲ್ಲಿ ಸಂಪ್ರದಾಯ ಬಿಟ್ಟರು ಎಂದು ಮಾತು ಹುಟ್ಟಿತು. ಶಾಲು ಮೇಲೆ ಸರಿಸಿದರೆ ಇನ್ನೊಂದು ತೊಂದರೆ. ಹಣೆಯ ಸುಕ್ಕುಗಳಲ್ಲಿ ಅಂಗಾರ ಮುರಿದು ತುಂಡು ತುಂಡಾಗಿ ಕಾಣುತ್ತಿತ್ತು. ಮಾತನಾಡಿಸಲು ಬಂದ ನೆಂಟರು ಅಳುಮುಖ ಮಾಡಿಕೊಂಡು ಹೊಸ್ತಿಲು ದಾಟುತ್ತಿದ್ದರು, ನನ್ನ ಮುಖ ನೋಡಿ ಗಲಿಬಿಲಿಯಾಗುತ್ತಿದ್ದರು. "ಹೆಂಡತಿ ಹೋಗ್ಯಾಳ, ಈ ಮನುಷ್ಯಾ ಲಗ್ನಕ್ಕ ಬಂದವರನ್ನ ಕರದ್ಹಂಗ ಕರೀಲಿಕ್ಹತ್ಯಾನ," ಎಂದು ನನ್ನ ದಾಯಾದಿಯೊಬ್ಬ ಮೆಟ್ಟಿಲು ಇಳಿಯುತ್ತಾ ಅಂದದ್ದು ನನಗೆ ಕೇಳಿಸಿತು. ಅವನ ತಲೆ ಆಗ ಬಾಗಿದ್ದು ಬಾಗಿದಂತೆಯೇ ಇತ್ತು. ಅವನನ್ನು ಬಿಡಿಸಲು ನಾನು ಸ್ವಲ್ಪ ತಡ ಮಾಡಿದೆ. ದೇವರು ಕ್ಷಮಿಸಲಿ.

ಸಂಜೆ ಗುಡಿಯಲ್ಲಿ ಹಯವದನಾಚಾರ್ಯರ ಪುರಾಣ ನಡೆಯುತ್ತಿತ್ತು. ನಮ್ಮ ಮನೆಯ ಶ್ರಾದ್ಧ ಪಕ್ಷಗಳನ್ನು ಮಾಡಿಸುವವರೂ ಅವರೇ. ಪುರಾಣಕ್ಕೆ ಹೋಗದೆ ಇರಲಾರದೆ ಒಂದು ದಿನ ನಾನು ಹಿಂದಿನ ಕಂಬಕ್ಕೆ ಒರಗಿ ಕುಳಿತೆ. ಪ್ರಾಂಗಣ ಕಿಕ್ಕಿರಿದಿತ್ತು. ತುಂಬಿದ ಸಭೆಯಲ್ಲಿ ವಂದನೆ ಮಾಡುವ ಬಗೆಯೇ ಬೇರೆ: ತಲೆಗಳ ನಡುವಿನ ಸಂದಿಯಲ್ಲಿ ಕಣ್ಣು ಹಿಡಿದು, ಹುಬ್ಬನ್ನು ಕೂದಲೆಳೆಯಷ್ಟು ಎತ್ತಬೇಕು, ನಡುವೆ ಕುಳಿತವರಿಗೆ ತಗಲಬಾರದು. ನನ್ನದು ಪೇಟೆಯ ಬೀದಿಯ ಅಳತೆಯ ಹುಬ್ಬು. ಆಚಾರ್ಯರು ಶ್ಲೋಕ ಮುಗಿಸಿ ಕತ್ತೆತ್ತಿದವರು ಅದನ್ನು ಕಂಡರು. ವಿನಯದಿಂದ ತಲೆ ಬಾಗಿಸಿದರು. ತಲೆ ಗ್ರಂಥದ ಮೇಲೆಯೇ ನಿಂತಿತು. ಅವರು ಹಾಗೆಯೇ ಓದುತ್ತಾ ಹೋದರು. ಎಂಥ ಏಕಾಗ್ರತೆ ಎಂದು ಜನ ಮೆಚ್ಚಿಕೊಂಡರು. ಮುಂದೆ ಕುಳಿತ ಇಬ್ಬರು ಹೆಂಗಸರು, ಆಚಾರ್ಯರು ಬಾಗಿದ್ದು ಯಾರಿಗೆ ಎಂದು ಹಿಂದಕ್ಕೆ ತಿರುಗಿದವರು, ನಾನು ನೋಡಿದ್ದು ತಮ್ಮನ್ನೇ ಎಂದು ತಿಳಿದು ಉತ್ತರ ಕೊಟ್ಟು, ಕುತ್ತಿಗೆ ಹಿಂದಕ್ಕೆ ತಿರುಗಿದಂತೆಯೇ ಪುರಾಣ ಕೇಳಿದರು. ಮಂಗಳಾರತಿಯ ಹೊತ್ತಿಗೆ ನಾನು ಎಲ್ಲರನ್ನೂ ಒಬ್ಬೊಬ್ಬರಾಗಿ ಬಿಡಿಸಿದೆ.

ಜನ ಹೋದ ಮೇಲೆ ನಾನು ಗರ್ಭಗುಡಿಯ ಎದುರು ನಿಂತೆ. ಸ್ವಾಮಿಯ ಬೆಳ್ಳಿಯ ಹುಬ್ಬುಗಳು ಹಣೆಯ ನಡುವಿನ ತನಕ ಎದ್ದಿವೆ. ಬಾಲ್ಯದಿಂದ ನೋಡುತ್ತಿದ್ದೇನೆ, ಅವು ಹಾಗೆಯೇ ಇವೆ. ಅವನೂ ಯಾರಿಗೋ ಎತ್ತಿದ್ದಾನೆ, ಅವರು ಇನ್ನೂ ಉತ್ತರ ಕೊಟ್ಟಿಲ್ಲ ಎಂದು ನನಗೆ ಅಂದು ಮೊದಲ ಸಲ ಅನ್ನಿಸಿತು. ನಾನು ತಲೆ ಬಾಗಿಸಿದೆ. ದೇವರಿಗೆ ಬಾಗಿದ ತಲೆ ಸಿಕ್ಕಿಕೊಳ್ಳುವುದಿಲ್ಲ, ನನ್ನದು ಎದ್ದಿತು. ಅವನ ಹುಬ್ಬು ಇಳಿಯಲಿಲ್ಲ. ನನಗೆ ಎತ್ತಿದ್ದಲ್ಲವೋ ಏನೋ.

ಆಚಾರ್ಯರು ಕುತ್ತಿಗೆ ಉಜ್ಜಿಕೊಳ್ಳುತ್ತಾ ಹತ್ತಿರ ಬಂದರು. "ವಾಮನರಾಯರ, ಮೊದಲನೇ ಮಾಸಿಕ ಹತ್ತಿರ ಬಂತು. ಈ ಹುಬ್ಬಿನ ಗತಿ ಏನು?"

"ಹುಬ್ಬಿಗೂ ಮಾಸಿಕಕ್ಕೂ ಏನು ಸಂಬಂಧ, ಆಚಾರ್ರ?"

"ಸಂಬಂಧ ಇಲ್ಲೇನು? ಕೈಯಾಗ ಎಳ್ಳು ನೀರು ಹಿಡಕೊಂಡು, ನೀ ಹೋಗು ತಾಯಿ, ಮುಂದಿನ ಲೋಕಕ್ಕ ಹೋಗು ಅಂತೀರಿ. ಮುಖದ ಮ್ಯಾಲ, ಕಿಟಕಿಗೆ ಬಾ, ನಾ ಬಂದೀನಿ ಅಂತೀರಿ. ಆಕೀ ಯಾವುದನ್ನ ಕೇಳಬೇಕು? ಕರಿಯೂದೂ ಕಳಸೂದೂ ಕೂಡೇ ಮಾಡಿದ್ರ ಆಕೀ ಬಾಗಿಲದಾಗ ನಿಂತುಬಿಡ್ತಾಳ. ನಾ ಈ ಹುಬ್ಬಿನ ಮುಂದ ಪಿಂಡ ಇಡಸಂಗಿಲ್ಲ."

ನಾನು ಹುಬ್ಬನ್ನು ಅಂಗೈಯಿಂದ ಕೆಳಕ್ಕೆ ಒತ್ತಿ ನೋಡಿದೆ.

"ಆಕೀ ಯಾರಿಗರೇ ಉತ್ತರ ವಹಿಸಿ ಕೊಟ್ಟಿದ್ಲೇನು?" ಎಂದು ಕೇಳಿದರು.

"ಗಟ್ಟಿಮುಟ್ಟಾಗಿದ್ದಳು. ಯಾಕೆ ವಹಿಸುತ್ತಾಳೆ?"

"ಹಂಗಾದ್ರ ದೇವರೇ ದಾರಿ ತೋರಸಬೇಕು," ಎಂದು ಆಚಾರ್ಯರು ದೀಪ ಸಣ್ಣದು ಮಾಡಿದರು.

ಮನೆಗೆ ಬಂದು ಕಿಟಕಿಯ ಹತ್ತಿರ ನಿಂತೆ. ಸುಂದ್ರಾಬಾಯಿಯನ್ನು ಬಾಗಿಲಲ್ಲಿ ನಿಲ್ಲಿಸಿದವನು ನಾನು ಎಂಬ ಮಾತು ಎದೆಯಲ್ಲಿ ಕುಳಿತಿತು. ನಲವತ್ತು ವರ್ಷಕ್ಕಿಂತ ಹೆಚ್ಚು ನನ್ನ ಮನೆ ನಡೆಸಿದವಳಿಗೆ ಹೋಗುವ ದಾರಿಯನ್ನು ನನ್ನ ಹಣೆಯೇ ಅಡ್ಡಗಟ್ಟಿದೆ. ಆದರೆ ನಿಜವನ್ನೇ ಹೇಳಬೇಕು. ಅವಳ ಸೀರೆಗಳನ್ನು ಕೊಟ್ಟಾಗಿತ್ತು, ಅವಳ ಹಾಸಿಗೆ ಸುತ್ತಿಟ್ಟಾಗಿತ್ತು. ಈ ಹುಬ್ಬೊಂದೇ ಇನ್ನೂ ಅವಳ ಕಡೆ ಮುಖ ಮಾಡಿಕೊಂಡಿತ್ತು. ಅದು ಇಳಿಯಲಿ ಎಂದು ದೇವರಲ್ಲಿ ಬೇಡುವಾಗಲೂ, ಇವತ್ತೇ ಬೇಡ ಎಂದು ಒಳಗಿನಿಂದ ಇನ್ನೊಂದು ದನಿ ಬೇಡುತ್ತಿತ್ತು.

ಮರುದಿನ ಮುಂಜಾನೆ ಬಾಗಿಲು ಬಡಿದ ಸದ್ದಾಯಿತು. ಗೋದೂಬಾಯಿ ನಿಂತಿದ್ದಳು, ಕೈಯಲ್ಲಿ ಉದ್ದ ಕೋಲಿನ ಕಸಬರಿಗೆ. ಅವಳು ನನ್ನ ಮನೆಯ ಮೆಟ್ಟಿಲು ಹತ್ತಿದ್ದು ಅಪರೂಪ. ಮೇಲಿನ ಒಗೆದ ಬಟ್ಟೆಯ ನೀರು ತನ್ನ ಹಪ್ಪಳದ ಮೇಲೆ ಸೋರುತ್ತದೆ ಎಂದು ಸುಂದ್ರಾಬಾಯಿಯ ಜೊತೆ ಅವಳದು ನಿತ್ಯದ ಜಗಳ. ಅವಳು ನನ್ನ ಮುಖ ನೋಡಲಿಲ್ಲ. ಸೆರಗಿನಿಂದ ಕಣ್ಣು ಮರೆ ಮಾಡಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

"ರಾಯರ, ಆ ಹುಬ್ಬು ಆ ಕಡೆ ತಿರುಗಸ್ರಿ. ನಾ ಸಿಕ್ಕೊಂಡ್ರ ಕಸಾ ಹೊಡಿಯವರು ಯಾರು?"

"ತಿರುಗಿಸಿದೆ. ಏನು ಬಂದಿರಿ?"

"ಆಚಾರ್ರು ಹೇಳಿದ್ದು ಬಾವಿಕಟ್ಟಿ ತನಕಾ ಬಂದದ. ಸುಂದ್ರಾ ವೈನಿಯವರು ಬಾಗಿಲದಾಗ ನಿಂತಾರಂತ." ಅವಳ ದನಿ ಸ್ವಲ್ಪ ಇಳಿಯಿತು. "ಅದಕ್ಕ ಹೇಳಲಿಕ್ಕ ಬಂದೆ. ಇಲ್ಲಂದ್ರ ಹೇಳತಿದ್ದಿಲ್ಲ. ವೈನಿಯವರು ಆಣಿ ಹಾಕಿಸಿಕೊಂಡಾರ."

"ಯಾವ ಆಣೆ?"

"ನಿಮಗ ಹೇಳಬಾರದು ಅಂತ. ಅವರಿಗೆ ಬೀದಿ ಆಚೆಕಡೆದು ಕಾಣತಿದ್ದಿಲ್ಲ ರಾಯರ. ಕಣ್ಣಾಗ ಪೊರಿ ಬಂದಿತ್ತು. ಕಟ್ಟಿ ಮ್ಯಾಲ ನೀವು ನಿಂತ್ರೂ ಒಂದೇ, ಬೆಲ್ಲದ ಚೀಲ ನಿಂತ್ರೂ ಒಂದೇ."

ನಾನು ಕುಳಿತುಬಿಟ್ಟೆ. ಸೂಜಿಗೆ ದಾರ ಪೋಣಿಸಿ ಕೊಡಿ ಎಂದು ಅವಳು ನನ್ನ ಹತ್ತಿರ ಬರುತ್ತಿದ್ದಳು, ಬೆಳಕು ಸಾಲದು ಎನ್ನುತ್ತಿದ್ದಳು. ಮಧ್ಯಾಹ್ನದ ಬೆಳಕಿನಲ್ಲಿಯೂ ಹಾಗೆಯೇ ಎನ್ನುತ್ತಿದ್ದಳು.

"ಮತ್ತೆ ದಿನಾ ಗಲ್ಲ ಎತ್ತುತ್ತಿದ್ದಳಲ್ಲ?"

"ಎತ್ತತಿದ್ರು. ನಾ ಹೇಳಿದ ಮ್ಯಾಲ ಎತ್ತತಿದ್ರು." ಗೋದೂಬಾಯಿ ಕಸಬರಿಗೆಯ ಕೋಲನ್ನು ನೆಲಕ್ಕೆ ಊರಿದಳು. "ಮೊದಲನೇ ಸಲ ಕಾಣಲಾರದಾದಾಗ ನನ್ನ ಕಡೆ ಬಂದ್ರು. ಗೋದೂ, ನಮ್ಮವರು ಹುಬ್ಬು ಎತಗೊಂಡು ಊರೆಲ್ಲಾ ತಿರುಗಿದ್ರ ಜನಾ ನಗತಾರ, ನನ್ನ ಪರವಾಗಿ ನೀನೇ ಉತ್ತರಾ ಕೊಡು, ನಿನಗ ವಹಿಸೀನಿ ಅಂದ್ರು. ನೀವು ಕಟ್ಟಿ ಹತ್ರ ಬಂದು ನಿಂತ್ರ ನಾ ಈ ಕೋಲಿಲೇ ಮಾಳಿಗಿಗೆ ಕುಟ್ಟಿ, ಕೆಳಗಿನ ಕಿಟಕಿಯಾಗಿಂದ ಗಲ್ಲಾ ಎತ್ತತಿದ್ದೆ. ಸಪ್ಪಳಾ ಕೇಳಿ ಅವರು ಮ್ಯಾಲೆ ಗಲ್ಲಾ ಎತ್ತತಿದ್ರು. ನೀವು ಅವರನ್ನ ನೋಡಿ ಮೀಸಿ ತಿರುವಿಕೋತ ಬರತಿದ್ರಿ."

ನನ್ನ ಹುಬ್ಬು ಒಂದು ಕ್ಷಣ ಮುಂಚೆಯೇ ಏಕೆ ಇಳಿಯುತ್ತಿತ್ತು ಎಂಬುದು ಆಗ ತಿಳಿಯಿತು. ಬಟ್ಟೆಯ ನೀರಿಗಾಗಿ ಅವರಿಬ್ಬರು ಬೀದಿಗೆ ಕೇಳುವಂತೆ ಜಗಳವಾಡಿದ ದಿನಗಳಲ್ಲಿಯೂ ಅದು ತಪ್ಪದೆ ಇಳಿದಿತ್ತು.

"ನನಗೆ ಹೇಳಿದ್ದರೆ ದವಾಖಾನೆಗೆ ಕರೆದುಕೊಂಡು ಹೋಗುತ್ತಿದ್ದೆ," ಎಂದೆ.

"ಅದಕ್ಕೇ ಹೇಳಲಿಲ್ಲ. ಕಣ್ಣಿಗೆ ಕತ್ತರಿ ಹಾಕತಾರ ಅಂತ ಅಂಜಿಕಿ. ಮತ್ತ ನಿಮ್ಮ ಹುಬ್ಬಿನ ಮ್ಯಾಲ ನಿಮಗ ಭಾಳ ಅಭಿಮಾನ ಅಂತ. ನಮ್ಮವರಿಗೆ ದಿನದಾಗ ಅದೊಂದೇ ಶೃಂಗಾರ, ಕೆಡಸೂದು ಬ್ಯಾಡಾ ಅಂತ ನಗತಿದ್ರು."

ನನಗೆ ನಾಚಿಕೆಯಾಯಿತು. ಹುಬ್ಬು ಮೇಲೆ ಇದ್ದುದರಿಂದ ಅದು ಮುಖದಲ್ಲಿ ಕಂಡಿರಲಾರದು.

"ಹಾಗಾದರೆ ಗೋದೂಬಾಯಿ, ಅಂದು ಯಾಕೆ ಉತ್ತರ ಕೊಡಲಿಲ್ಲ? ನೀವು ಕಿಟಕಿಯಲ್ಲಿ ಇರಲಿಲ್ಲವೆ?"

ಅವಳು ಕಸಬರಿಗೆಯ ಕಡ್ಡಿಯೊಂದನ್ನು ಎಳೆದು ಮುರಿದಳು. "ಇದ್ದೆ," ಎಂದಳು. "ನೀವು ಬರೂದು ಕಂಡಿತು. ಮೊದಲ ಕೋಲು ಹೋತು, ರೂಢಿ. ಕುಟ್ಟಿದೆ. ಮ್ಯಾಲ ಕುರ್ಚಿ ಕಿರ್ ಅನ್ನಲಿಲ್ಲ. ನನ್ನ ಗಲ್ಲಾ ಏಳಲಿಲ್ಲ ರಾಯರ. ಹೋದವರ ಪರವಾಗಿ ಹೆಂಗ ಎತ್ತಲಿ? ವಹಿಸಿಕೊಟ್ಟದ್ದು ಅವರ ಕೂಡ ಹೋತೋ, ಇನ್ನೂ ಅದನೋ, ಯಾರಿಗೆ ಗೊತ್ತು? ಹೋಗಿದ್ರ ನನ್ನ ಗಲ್ಲಾ ಮ್ಯಾಲೇ ನಿಂತುಬಿಡ್ತದ. ಊರಾಗ ಮೊದಲೇ ನನಗ ಸೊಕ್ಕು ಅಂತಾರ."

"ನಿಂತರೆ ನಾನು ತಲೆ ಆಡಿಸಿ ಬಿಡಿಸುತ್ತೇನೆ."

"ಅದು ಗೊತ್ತದ," ಎಂದು ಅವಳು ಸಿಡುಕಿದಳು. "ಗಲ್ಲದ ಮಾತಲ್ಲದು. ನಾ ಎತ್ತಿದ್ದು ನಡೀತು ಅಂದ್ರ, ಅದು ವೈನಿಯವರದು ಕಡೀ ಉತ್ತರ. ಆಮ್ಯಾಲ ನನ್ನ ಕಡೆ ಅವರದು ಏನೂ ಉಳಿಯಂಗಿಲ್ಲ. ಜಗಳಾ ಸೈತ ಇಲ್ಲ." ಮೂಗು ಒರೆಸಿಕೊಂಡಳು. "ಆದ್ರ ಬಾಗಿಲದಾಗ ನಿಲ್ಲಸೂದು ಬ್ಯಾಡ ಅವರನ್ನ. ಕಾಲು ನೋಯತಿದ್ದುವು ಅವರಿಗೆ. ಏಳ್ರಿ, ಸ್ನಾನಾ ಮಾಡಿ ಗುಡಿಗೆ ಹೋಗಿ ಬರ್ರಿ. ದಿನಾ ಬಂದ್ಹಂಗ ಬರ್ರಿ."

ನಾನು ಸ್ನಾನ ಮಾಡಿದೆ, ಗುಡಿಗೆ ಹೋದೆ, ತೀರ್ಥ ತೆಗೆದುಕೊಂಡೆ. ಎಂದಿಗಿಂತ ಒಂದು ಪ್ರದಕ್ಷಿಣೆ ಹೆಚ್ಚಾಗಿ ಹಾಕಿದೆ. ಅದು ಭಕ್ತಿಯಿಂದ ಹಾಕಿದ್ದಲ್ಲ ಎಂದು ದೇವರಿಗೆ ಗೊತ್ತು. ಚನ್ನವೀರಪ್ಪ ನನ್ನನ್ನು ದೂರದಿಂದ ಕಂಡವನೇ ಬೆಲ್ಲದ ಡಬ್ಬಿಯ ಕಡೆ ಮುಖ ತಿರುಗಿಸಿ ನಿಂತ. ನಾನು ಕಟ್ಟೆಯ ಹತ್ತಿರ ನಿಂತು ಶಾಲನ್ನು ಹಣೆಯಿಂದ ಸರಿಸಿದೆ. ಮೇಲಿನ ಕಿಟಕಿಯಲ್ಲಿ ಕುರ್ಚಿ ಇತ್ತು. ಕೆಳಗಿನ ಕಿಟಕಿಯನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ನೋಡಲಿಲ್ಲ. ಇವತ್ತೂ ಮೇಲೆಯೇ ನೋಡಬೇಕು ಎಂದು ನನಗೆ ಹೇಗೋ ಗೊತ್ತಿತ್ತು.

ಚಕ್ಕಡಿಯೊಂದು ಹಾದು ಹೋಯಿತು. ಅದರ ಗಡಗಡದ ನಡುವೆ ಕೋಲು ಮಾಳಿಗೆಗೆ ತಗುಲಿದ ಸದ್ದು ಕೇಳಿಸಿತು. ಅದು ಕೇಳಿಸುವಂಥ ಸದ್ದೆಂದು ನನಗೆ ತಿಳಿದೇ ಇರಲಿಲ್ಲ. ದಿನವೂ ಕೇಳಿದ್ದೇನೆ, ಪೇಟೆಯ ಗದ್ದಲ ಎಂದುಕೊಂಡಿದ್ದೇನೆ. ಮೇಲಿನ ಕುರ್ಚಿ ಖಾಲಿಯೇ ಇತ್ತು. ನನ್ನ ಹುಬ್ಬು ಇಳಿಯಿತು.

ಹಣೆ ಹಗುರವಾಯಿತು. ಗಾಳಿ ತಣ್ಣಗೆ ತಗುಲಿತು. ಮುಖದಲ್ಲಿ ಇಷ್ಟು ದಿನ ಹುಬ್ಬು ತಡೆದಿಟ್ಟದ್ದೆಲ್ಲ ಒಮ್ಮೆಗೇ ಕೆಳಗೆ ಬಂತು. ಪೇಟೆಯ ನಡುವೆ, ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನಾನು ಅತ್ತೆ. ಚನ್ನವೀರಪ್ಪ ಡಬ್ಬಿಯ ಕಡೆ ಮುಖ ಮಾಡಿಕೊಂಡೇ, "ಇಳೀತೇನ್ರೀ?" ಎಂದು ಕೇಳಿದ.

"ಇಳಿಯಿತಪ್ಪಾ."

"ಖರೇನ?"

"ಖರೆ. ತಿರುಗು."

ಅವನು ತಿರುಗಿದ. ನನ್ನನ್ನು ನೋಡಿ ಏನೂ ಎತ್ತಲಿಲ್ಲ, ಏನೂ ಬಾಗಿಸಲಿಲ್ಲ. ಒಂದು ಲೋಟ ನೀರು ಕೊಟ್ಟ.

ಗೋದೂಬಾಯಿಯ ಗಲ್ಲ ಸಿಕ್ಕಿಕೊಳ್ಳಲಿಲ್ಲ. ಆದರೂ ಆ ದಿನವೆಲ್ಲ ಅವಳು ಅದನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡಳು ಎಂದು ಬಾವಿಕಟ್ಟೆಯವರು ಹೇಳಿದರು. ಮಾಸಿಕ ಸಾಂಗವಾಗಿ ನಡೆಯಿತು. ಆಚಾರ್ಯರು ನನ್ನ ಹಣೆಯನ್ನು ಒಮ್ಮೆ ಪರೀಕ್ಷಿಸಿ, ಅಂಗಾರ ನೆಟ್ಟಗಿದೆ ಎಂದು ತೃಪ್ತರಾಗಿ ಪಿಂಡ ಇಡಿಸಿದರು. ಗೋದೂಬಾಯಿ ಕೆಳಗಿನಿಂದ ಹಪ್ಪಳ ಕಳಿಸಿದಳು. ಒಂದೂ ಒದ್ದೆಯಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಗುಡಿಯಿಂದ ಬರುವಾಗ ನಾನು ಕಟ್ಟೆಯ ಹತ್ತಿರ ನಿಲ್ಲದೆ ನೇರವಾಗಿ ಮನೆಗೆ ಬಂದೆ. ಅವಲಕ್ಕಿ ನೆನೆಹಾಕಲು ನನಗೆ ಬರುವುದಿಲ್ಲ. ಬರಿಗೈಯಲ್ಲಿ ಹೋಗಿ ಕಿಟಕಿಯ ಕುರ್ಚಿಯಲ್ಲಿ ಕುಳಿತೆ. ಅದು ಕಿರ್ ಎಂದಿತು. ಎದುರು ಮನೆಗಳ ಮೇಲಿನಿಂದ ಬಿಸಿಲು ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಇಷ್ಟು ಬಿಸಿಲಿನಲ್ಲಿ ಹೇಗೆ ಕುಳಿತಿರುತ್ತಿದ್ದಳೋ ಎಂದುಕೊಂಡೆ. ಆಗ ನನ್ನ ಕಾಲಿನ ಕೆಳಗೆ ಕೋಲು ಕುಟ್ಟಿತು.

ನಾನು ಬಗ್ಗಿ ನೋಡಿದೆ. ಬೀದಿಯ ಆಚೆ, ಬಿಸಿಲಿನ ಹಿಂದೆ, ಯಾರೋ ಕೈ ಎತ್ತಿ ನಿಂತಿದ್ದರು. ಚನ್ನವೀರಪ್ಪನೋ, ಬೇಳೆಯವಳೋ, ಬೇರೆ ಯಾರೋ. ಯಾರೆಂದು ಕಾಣಲಿಲ್ಲ. ನಾನು ಗಲ್ಲವನ್ನು ಸ್ವಲ್ಪ ಎಡಕ್ಕೆ ವಾಲಿಸಿ ಮೇಲಕ್ಕೆ ಎತ್ತಿದೆ.

ಆಚೆಯ ಕೈ ಇಳಿಯಿತು.